ಬೆಳಗಿನ ಹಾಲು ಸರಿ, ಸಂಜೆಯ ಹಾಲು ಯಾಕೆ ಒಡೆಯುತ್ತದೆ?

ಪ್ರಶ್ನೆ: ಮೇಡಂ, ನಮ್ಮದು ಪಾವಗಡದ ಕಡೆ ಒಂದು ಹಳ್ಳಿ. ಎರಡು ಹಸು ಇವೆ. ಬೆಳಿಗ್ಗೆ 5:30ಕ್ಕೆ ಕರೆದು 6:30ಕ್ಕೆ ಡೇರಿಗೆ ಹಾಕುತ್ತೇವೆ. ಸಂಜೆ ನಾಲ್ಕಕ್ಕೇ ಕರೆದುಬಿಡುತ್ತೇವೆ, ಡೇರಿಗೆ ಹಾಕೋದು 6:30ಕ್ಕೆ. ಕ್ಯಾನು ಒಂದೇ. ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ತಣ್ಣೀರಲ್ಲಿ ತೊಳೆದು ಮುಚ್ಚಿ ಇಡುತ್ತೇನೆ. ಚಳಿಗಾಲದಲ್ಲಿ ಒಂದು ದಿನವೂ ಹಾಲು ವಾಪಸ್ ಬಂದಿಲ್ಲ. ಈ ಏಪ್ರಿಲ್‌ನಲ್ಲಿ ಮೂರು ಸಾರಿ ಬಂತು. ಮೂರೂ ಸಂಜೆಯ ಹಾಲು. ಕುಡಿದು ನೋಡಿದೆ, ಹುಳಿ ಇರಲಿಲ್ಲ. ಆದ್ರೂ ಟೆಸ್ಟರ್ ಒಡೆದಿದೆ ಅಂದ. ಬಿಸಿಲಿಗೆ ದನದ ಮೈ ಕಾದು ಹಾಲು ಕೆಡುತ್ತೆ ಅಂತ ಅಕ್ಕಪಕ್ಕದವರು ಹೇಳ್ತಾರೆ. ನಿಜವಾ? ನಾನು ಏನು ಮಾಡಬೇಕು?

ಉತ್ತರ:

ಅಕ್ಕ, ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ವಾಪಸ್ ಬಂದ ಮೂರೂ ಸಂಜೆಯ ಹಾಲು ಅಂತ ಬರೆದಿದ್ದೀರಿ. ಇದನ್ನು ಯಾರೂ ಗಮನಿಸುವುದಿಲ್ಲ, ನೀವು ಗಮನಿಸಿದ್ದೀರಿ. ಹಸು ಅದೇ, ಮೇವು ಅದೇ, ಕರೆಯುವ ಕೈ ಅದೇ. ಹಾಗಿದ್ದರೆ ಬೆಳಿಗ್ಗೆಗೂ ಸಂಜೆಗೂ ಬೇರೆಯಾಗಿರುವುದು ಏನು ಅಂತ ಹುಡುಕಿದರೆ ಸಾಕು.

ಮೊದಲು ಹಸುವಿನ ಮೇಲಿನ ದೂರು ತೆಗೆಯೋಣ. ಹಸುವಿನ ಮೈ ಬಿಸಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ, ಸುಮಾರು 38.5 ಡಿಗ್ರಿ. ಕಡು ಬಿಸಿಲಲ್ಲಿ ನಿಂತ ಹಸುವಿಗೆ ಅದು ಒಂದೋ ಎರಡೋ ಡಿಗ್ರಿ ಏರಬಹುದು, ಅಷ್ಟೇ. ಡಿಸೆಂಬರ್‌ನಲ್ಲೂ ಏಪ್ರಿಲ್‌ನಲ್ಲೂ ಹಾಲು ಕೆಚ್ಚಲಿಂದ ಸುಮಾರು ಅದೇ ಬಿಸಿಯಲ್ಲಿ ಬರುತ್ತದೆ. ಬಿಸಿಲಿಗೆ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲು ಕಡಿಮೆಯಾಗುತ್ತದೆ, ಫ್ಯಾಟ್ ಇಳಿಯುತ್ತದೆ. ಇದೆಲ್ಲ ನಿಜ. ಆದರೆ ಮೈ ಕಾದ ಮಾತ್ರಕ್ಕೆ ಹಾಲು ಹುಳಿಯಾಗುವುದಿಲ್ಲ. ಹಾಲನ್ನು ಹುಳಿ ಮಾಡುವುದು ಬ್ಯಾಕ್ಟೀರಿಯಾ. ಆರೋಗ್ಯವಾಗಿರುವ ಹಸುವಿನ ಕೆಚ್ಚಲಲ್ಲಿ ಅವು ತೀರಾ ಕಡಿಮೆ. ಮೊಲೆತೊಟ್ಟಿನ ಮೇಲಿನ ಕೊಳೆ, ನಮ್ಮ ಕೈ, ಬಕೆಟ್ಟು, ಸೋಸುವ ಬಟ್ಟೆ, ಎಲ್ಲಕ್ಕಿಂತ ಜಾಸ್ತಿಯಾಗಿ ಕ್ಯಾನು, ಇವುಗಳಿಂದಲೇ ಅವು ಹಾಲಿಗೆ ಸೇರುತ್ತವೆ.

ಇದು ನಿಮಗೆ ಹೊಸ ವಿಷಯವಲ್ಲ. ಮನೆಯಲ್ಲಿ ಹೆಪ್ಪು ಹಾಕುವವರು ನೀವೇ ತಾನೆ? ಚಳಿಗಾಲದಲ್ಲಿ ಒಂದು ಚಮಚ ಹೆಪ್ಪು ಹಾಕಿ, ಪಾತ್ರೆಗೆ ಬಟ್ಟೆ ಸುತ್ತಿ, ಒಲೆ ಪಕ್ಕ ಇಟ್ಟರೂ ಬೆಳಿಗ್ಗೆ ಮೊಸರು ತೆಳುವಾಗಿರುತ್ತದೆ. ಬೇಸಿಗೆಯಲ್ಲಿ ನಾಲ್ಕು ಹನಿ ಹಾಕಿದರೂ ಐದಾರು ಗಂಟೆಗೆ ಗಟ್ಟಿಯಾಗುತ್ತದೆ, ಮರೆತರೆ ಹುಳಿ ಬಂದುಬಿಡುತ್ತದೆ. ಹಾಲು ಅದೇ, ಹೆಪ್ಪು ಅದೇ, ಸೆಕೆ ಮಾತ್ರ ಬೇರೆ. ನಿಮ್ಮ ಕ್ಯಾನಿನಲ್ಲಿ ಆಗುತ್ತಿರುವುದೂ ಇದೇ. ಅಲ್ಲಿ ಹೆಪ್ಪು ಹಾಕಿದವರು ಯಾರು ಅನ್ನುವುದಷ್ಟೇ ಪ್ರಶ್ನೆ.

ಬೆಳಿಗ್ಗೆ ತಣ್ಣೀರಲ್ಲಿ ತೊಳೆದು ಮುಚ್ಚಿ ಇಡುತ್ತೇನೆ ಅಂದಿದ್ದೀರಿ. ಬರೀ ತಣ್ಣೀರಿಗೆ ಹಾಲಿನ ಜಿಡ್ಡು ಪೂರ್ತಿ ಹೋಗುವುದಿಲ್ಲ. ಕಣ್ಣಿಗೆ ಕ್ಯಾನು ಹೊಳೆಯುತ್ತಿರುತ್ತದೆ. ಆದರೆ ಕತ್ತಿನ ಒಳಮಗ್ಗುಲಲ್ಲಿ, ತಳದ ಬೆಸುಗೆಯಲ್ಲಿ, ಮುಚ್ಚಳದ ರಬ್ಬರ್ ಕೆಳಗೆ ತೆಳುವಾಗಿ ಹಾಲು ಉಳಿದಿರುತ್ತದೆ. ಜೊತೆಗೆ ನೀರಿನ ಪಸೆ. ಅದರ ಮೇಲೆ ಮುಚ್ಚಳ ಬಿಗಿದು, ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ 7ರಿಂದ ಸಂಜೆ 4ರವರೆಗೆ ಇಟ್ಟರೆ ಏನಾಗುತ್ತದೆ? ಒಂಬತ್ತು ಗಂಟೆ. ಒಳಗೆ 36, 38 ಡಿಗ್ರಿ ಸೆಕೆ, ಪಸೆ, ತಿನ್ನಲು ಹಾಲು. ಬ್ಯಾಕ್ಟೀರಿಯಾಕ್ಕೆ ಬೇಕಾದ್ದೆಲ್ಲ ಅಲ್ಲಿದೆ. ಸಂಜೆ ನೀವು ಅದೇ ಕ್ಯಾನಿಗೆ ಬಿಸಿಬಿಸಿ ಹಾಲು ಸುರಿದಾಗ, ಹೆಪ್ಪು ಹಾಕಿದ ಪಾತ್ರೆಗೆ ಹಾಲು ಸುರಿದ ಹಾಗೇ ಆಯಿತು.

ರಾತ್ರಿಯೂ ಕ್ಯಾನು ಹಾಗೇ ಇರುತ್ತದಲ್ಲ, ಬೆಳಗಿನ ಹಾಲು ಯಾಕೆ ಒಡೆಯುವುದಿಲ್ಲ ಅಂತ ನೀವು ಕೇಳಬಹುದು. ರಾತ್ರಿ ಹಗಲಿಗಿಂತ ತಂಪು, ಹಾಗಾಗಿ ಕ್ಯಾನಿನ ಒಳಗೆ ಬೆಳೆಯುವುದು ನಿಧಾನ. ಜೊತೆಗೆ ಬೆಳಿಗ್ಗೆ ಕರೆದ ಒಂದೇ ಗಂಟೆಗೆ ಹಾಲು ಡೇರಿ ಮುಟ್ಟುತ್ತದೆ. ಸಂಜೆ ಎರಡೂವರೆ ಗಂಟೆ ಕಾಯುತ್ತದೆ. ಈ ಒಂದೂವರೆ ಗಂಟೆಯ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಅಂದಾಜಿನವು, ಆದರೆ ನಡೆಯುವ ರೀತಿ ಹೀಗೇ.

ಬ್ಯಾಕ್ಟೀರಿಯಾ ಒಂದಕ್ಕೆ ಎರಡಾಗಿ, ಎರಡಕ್ಕೆ ನಾಲ್ಕಾಗಿ ಬೆಳೆಯುತ್ತವೆ. ಹಾಲು 35 ಡಿಗ್ರಿ ಆಸುಪಾಸು ಇದ್ದರೆ ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿ ಆಗುತ್ತವೆ ಅಂತ ಇಟ್ಟುಕೊಳ್ಳಿ. ಒಂದು ಮಿಲಿಲೀಟರ್ ಹಾಲಲ್ಲಿ, ಅಂದರೆ ಸುಮಾರು ಇಪ್ಪತ್ತು ಹನಿಯಲ್ಲಿ, ಅವು ಒಂದು ಕೋಟಿ ದಾಟುವ ಹೊತ್ತಿಗೆ ಹಾಲಿಗೆ ಹುಳಿ ತಿರುಗಲು ಶುರುವಾಗುತ್ತದೆ.

ಈಗ ನಿಮ್ಮ ಸಂಜೆಯ ಕ್ಯಾನು. ಅದರ ಜಿಡ್ಡಿನಿಂದಾಗಿ ಮಿಲಿಲೀಟರಿಗೆ 4 ಲಕ್ಷ ಬ್ಯಾಕ್ಟೀರಿಯಾ ಶುರುವಿನಲ್ಲೇ ಸೇರಿದವು ಅನ್ನಿ. ಎರಡೂವರೆ ಗಂಟೆಯಲ್ಲಿ ಐದು ಸಾರಿ ಇಮ್ಮಡಿ. 8 ಲಕ್ಷ, 16 ಲಕ್ಷ, 32 ಲಕ್ಷ, 64 ಲಕ್ಷ, ಕೊನೆಗೆ 1 ಕೋಟಿ 28 ಲಕ್ಷ. ಡೇರಿ ಬಾಗಿಲಲ್ಲಿ ಗೆರೆ ದಾಟಿತು. ಕೊನೆಯ ಅರ್ಧ ಗಂಟೆಯಲ್ಲೇ 64 ಲಕ್ಷ ಹೆಚ್ಚಿತು ನೋಡಿ. ಆರು ಗಂಟೆಗೆ ಹಾಕಿದ್ದರೆ ಪಾಸ್ ಆಗುತ್ತಿತ್ತು. ಕೆಲವು ಸಂಜೆ ಹಾಲು ತಗೊಂಡು, ಕೆಲವು ಸಂಜೆ ವಾಪಸ್ ಕೊಟ್ಟರೆ ಟೆಸ್ಟರ್ ಬೇಕಂತಲೇ ಮಾಡುತ್ತಿದ್ದಾನೆ ಅನಿಸುತ್ತದೆ. ಆದರೆ ಸಾಲಿನಲ್ಲಿ ಇಪ್ಪತ್ತು ನಿಮಿಷ ಜಾಸ್ತಿ ನಿಂತರೂ ಫಲಿತಾಂಶ ಬದಲಾಗುವ ಅಂಚಿನಲ್ಲಿ ನಿಮ್ಮ ಹಾಲು ಇದೆ.

ಅದೇ ಕೊಳೆ ಕ್ಯಾನಿನ ಹಾಲನ್ನು ಒಂದೇ ಗಂಟೆಗೆ ಹಾಕಿದ್ದರೆ? ಎರಡು ಸಾರಿ ಇಮ್ಮಡಿ, 16 ಲಕ್ಷ. ಒಳ್ಳೆಯ ಹಾಲೇನಲ್ಲ, ಆದರೆ ಒಡೆಯುವುದಿಲ್ಲ. ಇನ್ನು ಕ್ಯಾನು ಚೆನ್ನಾಗಿ ತೊಳೆದು ಒಣಗಿಸಿದ್ದು, ಶುರುವಿನಲ್ಲಿ 20 ಸಾವಿರವೇ ಇದ್ದವು ಅನ್ನಿ. ಅದೇ ಸೆಕೆ, ಅದೇ ಎರಡೂವರೆ ಗಂಟೆ, ಅದೇ ಐದು ಇಮ್ಮಡಿ. ಆದರೆ ಕೊನೆಗೆ ಸಿಗುವುದು 6 ಲಕ್ಷ 40 ಸಾವಿರ ಮಾತ್ರ.

ಚಳಿಗಾಲಕ್ಕೆ ಬನ್ನಿ. ಆಗ ಮುಚ್ಚಿದ ಕ್ಯಾನಿನ ಒಳಗೆ ಹಗಲಲ್ಲೂ ಅಷ್ಟು ಸೆಕೆ ಇರುವುದಿಲ್ಲ. ಜಿಡ್ಡಿನಲ್ಲಿ ಬೆಳೆಯುವುದು ನಿಧಾನ, ಹಾಗಾಗಿ ಶುರುವಿನ ಎಣಿಕೆ 50 ಸಾವಿರವೇ ಇರಬಹುದು. ಕರೆದ ಹಾಲೂ ತಂಗಾಳಿಗೆ ತಾನೇ ಸ್ವಲ್ಪ ಆರುತ್ತದೆ. ಇಮ್ಮಡಿ ಆಗಲು 35, 40 ನಿಮಿಷ ಬೇಕು. ಎರಡೂವರೆ ಗಂಟೆಗೆ ನಾಲ್ಕು ಇಮ್ಮಡಿ, ಅಂದರೆ 8 ಲಕ್ಷ. ಪಾಸ್. ನೀವು ಕ್ಯಾನು ತೊಳೆಯುವ ರೀತಿ ಆಗಲೂ ಹೀಗೇ ಇತ್ತು ಅಕ್ಕ, ಚಳಿ ಅದನ್ನು ಮುಚ್ಚಿಹಾಕುತ್ತಿತ್ತು. ಏಪ್ರಿಲ್‌ನಲ್ಲಿ ಗಾಳಿಯೇ 38 ಡಿಗ್ರಿ. ಹಾಲೂ ಅಷ್ಟೇ ಬಿಸಿ. ಎಷ್ಟು ಹೊತ್ತು ಇಟ್ಟರೂ ಅದು ಆರುವ ದಾರಿಯೇ ಇಲ್ಲ. ಬೇಸಿಗೆಯಲ್ಲಿ ಹಾಲು ಬೇಗ ಕೆಡುವುದಕ್ಕೆ ಮುಖ್ಯ ಕಾರಣ ಇದೇ.

ಹಾಗೆ ನೋಡಿದರೆ ಹಾಲಿಗೆ ತನ್ನದೇ ಒಂದು ಕಾವಲೂ ಇದೆ. ಕರೆದ ಮೊದಲ ಎರಡು ಮೂರು ಗಂಟೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ವಸ್ತುಗಳು ಹಸಿ ಹಾಲಲ್ಲೇ ಇರುತ್ತವೆ. ಹಾಲು ತಣ್ಣಗಿದ್ದಷ್ಟೂ ಈ ಕಾವಲು ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಜಿಡ್ಡಿನ ಕ್ಯಾನಿನಿಂದ ಬರುವ ದಂಡು ಆಗಲೇ ಬೆಳೆದು ಬಲಿತದ್ದು. ಅದರ ಮುಂದೆ ಈ ಕಾವಲು ಸಾಲುವುದಿಲ್ಲ.

ಈಗ ನಿಮ್ಮ ಮನಸ್ಸಿಗೆ ಜಾಸ್ತಿ ನೋವಾಗಿರುವ ವಿಷಯ. ಬಾಯಿಗೆ ಹುಳಿ ಇಲ್ಲದ ಹಾಲನ್ನು ಒಡೆದಿದೆ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಟೆಸ್ಟರ್ ಹೇಳಿದ್ದೂ ನಿಜ, ನೀವು ಹೇಳಿದ್ದೂ ನಿಜ. ಒಳ್ಳೆಯ ಹಸಿ ಹಾಲಿನ ಆಮ್ಲತೆ 0.13ರಿಂದ 0.15 ಪರ್ಸೆಂಟ್ ಆಸುಪಾಸು ಇರುತ್ತದೆ. ಅದು 0.20 ದಾಟಿದರೆ ಹಾಲನ್ನು ಕುದಿಸಿದಾಗ ಒಡೆಯುವ ಭಯ ಶುರು. ಆ ಹಂತದಲ್ಲಿ ನಾಲಿಗೆಗೆ ಹುಳಿ ಸರಿಯಾಗಿ ಗೊತ್ತಾಗುವುದೇ ಇಲ್ಲ. ಬೆಂಕಿ ಇಲ್ಲದೆ ತಾನಾಗೇ ಮೊಸರಿನ ಹಾಗೆ ಗಟ್ಟಿಯಾಗಬೇಕಾದರೆ ಆಮ್ಲತೆ 0.5 ಮೀರಬೇಕು.

ಯಾಕೆ ಹೀಗೆ? ಹಾಲಿನಲ್ಲಿ ಕೇಸಿನ್ ಅನ್ನುವ ಪ್ರೋಟೀನ್ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ, ಅದಕ್ಕೇ ಅಂಟಿಕೊಳ್ಳುವುದಿಲ್ಲ. ಹುಳಿ ಹೆಚ್ಚಾದಷ್ಟೂ ಈ ತಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಅರ್ಧ ಶಕ್ತಿ ಕಳಕೊಂಡ ಹಾಲು ತಣ್ಣಗಿದ್ದಾಗ ಸರಿಯಾಗೇ ಕಾಣುತ್ತದೆ. ಬಿಸಿ ಮುಟ್ಟಿಸಿದ ತಕ್ಷಣ ಉಂಡೆಗಳು ಅಂಟಿಕೊಂಡು ಚೂರುಚೂರು ಗಡ್ಡೆಯಾಗುತ್ತವೆ. ಡೇರಿಯಲ್ಲಿ 5 ಮಿಲಿಲೀಟರ್ ಹಾಲನ್ನು ಗಾಜಿನ ನಳಿಗೆಗೆ ಹಾಕಿ ಐದು ನಿಮಿಷ ಕುದಿಯುವ ನೀರಲ್ಲಿ ಇಟ್ಟು ನೋಡುವುದು ಇದಕ್ಕೇ. ಕೆಲವು ಕಡೆ ಅಷ್ಟೇ ಪ್ರಮಾಣದ ಆಲ್ಕೋಹಾಲ್ ಬೆರೆಸಿ ನೋಡುತ್ತಾರೆ. ಪ್ಯಾಕೆಟ್ ಮಾಡುವ ಮೊದಲು ಎಲ್ಲ ಹಾಲನ್ನೂ ಪಾಶ್ಚರೀಕರಣಕ್ಕೆ ಕಾಯಿಸಲೇಬೇಕು. ನಳಿಗೆಯಲ್ಲಿ ಒಡೆದ ಹಾಲು ಅಲ್ಲಿಯೂ ಒಡೆಯುತ್ತದೆ. ನಿಮ್ಮ ಹಾಲನ್ನು ತಗೊಂಡರೆ ಕೂಲರ್‌ನಲ್ಲಿರುವ ಊರಿನವರ ಹಾಲಿಗೂ ಆ ಹುಳಿ, ಆ ಬ್ಯಾಕ್ಟೀರಿಯಾ ಸೇರುತ್ತದೆ. ಕೂಲರ್ 4 ಡಿಗ್ರಿಗೆ ಇಳಿಸಿದರೆ ಬೆಳವಣಿಗೆ ಬಹುಪಾಲು ನಿಲ್ಲುತ್ತದೆ. ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಆಗಲೇ ಆದ ಹುಳಿ ಹೋಗುವುದೂ ಇಲ್ಲ.

ತಪ್ಪು ಎಲ್ಲಿದೆ ಅಂತ ನೀವೇ ಕಂಡುಹಿಡಿಯಬಹುದು. ಸಂಜೆ ಕರೆದ ತಕ್ಷಣ, ಕ್ಯಾನಿಗೆ ಸುರಿಯುವ ಮೊದಲೇ, ಒಂದು ಸೌಟು ಹಾಲನ್ನು ಪುಟ್ಟ ಸ್ಟೀಲ್ ಬಟ್ಟಲಲ್ಲಿ ಕುದಿಸಿ. ಬಟ್ಟಲನ್ನು ವಾಲಿಸಿ ಅಂಚು ನೋಡಿ, ನುಣ್ಣಗಿದೆಯಾ, ರವೆಯಂಥ ಕಾಳು ಅಂಟಿದೆಯಾ? ಎರಡೂ ಹಸುವಿನ ಹಾಲನ್ನು ಬೇರೆಬೇರೆ ನೋಡಿ. ಆಮೇಲೆ ಡೇರಿಗೆ ಹೊರಡುವ ಮುಂಚೆ ಕ್ಯಾನಿನಿಂದ ಒಂದು ಸೌಟು ತೆಗೆದು ಹಾಗೇ ಕುದಿಸಿ. ಮೊದಲಿನದು ಸರಿ ಇದ್ದು ಎರಡನೆಯದು ಒಡೆದರೆ ತಪ್ಪು ಕ್ಯಾನಿನದು, ಸಮಯದ್ದು. ಎರಡೂ ಸರಿ ಇದ್ದು ಡೇರಿಯಲ್ಲಿ ಒಡೆದರೆ ದಾರಿಯಲ್ಲೋ ಸಾಲಿನಲ್ಲೋ ತಡವಾಗಿದೆ. ಆಗ ಧೈರ್ಯವಾಗಿ ಕಾರ್ಯದರ್ಶಿಯನ್ನು ಕೇಳಿ, ನಿಮ್ಮ ಎದುರಿಗೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಮೊದಲಿನದೇ ಒಡೆದರೆ ಮಾತ್ರ ಹಸುವನ್ನು ನೋಡಬೇಕು. ಕರು ಹಾಕಿ ಐದಾರು ದಿನದೊಳಗಿನ ಗಿಣ್ಣು ಹಾಲು ಒಡೆಯುತ್ತದೆ. ಕೆಚ್ಚಲು ಬಾವು ಇದ್ದರೂ ಪರೀಕ್ಷೆಯಲ್ಲಿ ಹಾಲು ಒಡೆಯಬಹುದು. ಒಂದೊಂದು ತೊಟ್ಟಿನ ಮೊದಲ ಎರಡು ಮೂರು ಪಿಚಕಾರಿ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗಡ್ಡೆ, ನೀರು, ರಕ್ತದ ಛಾಯೆ ಕಂಡರೆ ಆ ಹಾಲನ್ನು ಬೆರೆಸದೆ ಪಶುವೈದ್ಯರನ್ನು ಕರೆಸಿ. ಆದರೆ ನಿಮ್ಮ ಬೆಳಗಿನ ಹಾಲು ದಿನಾ ಪಾಸ್ ಆಗುತ್ತಿದೆ ಅಂದ ಮೇಲೆ ನನಗೆ ಹಸುವಿನ ಮೇಲೆ ಅನುಮಾನ ಇಲ್ಲ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಿಮ್ಮಂಥದ್ದೇ ದೂರು ಬಂದು ಒಂದು ಮನೆಗೆ ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ. ತೊಳೆದಿಟ್ಟ ಕ್ಯಾನಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಹಳೇ ಮಜ್ಜಿಗೆ ವಾಸನೆ. ರಬ್ಬರ್ ಬಿಚ್ಚಿದೆವು. ಕೆಳಗೆ ಹಳದಿ ಬೆಣ್ಣೆಯ ಹಾಗೆ ಲೋಳೆ ಕೂತಿತ್ತು. ದಿನಾ ಎರಡು ಹೊತ್ತು ತೊಳೆಯುವ ಆ ತಾಯಿ ಅದನ್ನು ನೋಡಿ ಕಣ್ಣೀರು ಹಾಕಿದರು. ಅವರ ತಪ್ಪಲ್ಲ, ರಬ್ಬರ್ ಬಿಚ್ಚಿ ತೊಳೀಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವತ್ತು ಒಂದೇ ಹಸುವಿನ ಹಾಲನ್ನು ಎರಡು ಪಾಲು ಮಾಡಿ, ಅರ್ಧ ಅದೇ ಕ್ಯಾನಿಗೆ, ಅರ್ಧ ಕುದಿನೀರು ಹಾಕಿ ಒಣಗಿಸಿದ ಕ್ಯಾನಿಗೆ ಹಾಕಿಸಿದೆ. ಎರಡೂವರೆ ಗಂಟೆ ಬಿಟ್ಟು ಎರಡರಿಂದಲೂ 10 ಮಿಲಿಲೀಟರ್ ತೆಗೆದು, ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ 1 ಮಿಲಿಲೀಟರ್ ಬೆರೆಸಿ, 37 ಡಿಗ್ರಿ ನೀರಲ್ಲಿ ಇಟ್ಟೆವು. ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ಈ ನೀಲಿ ಬೇಗ ಬಿಳಿಯಾಗುತ್ತದೆ. ಕೊಳೆ ಕ್ಯಾನಿನ ಹಾಲು ಅರ್ಧ ಗಂಟೆಯೊಳಗೆ ಬೆಳ್ಳಗಾಯಿತು. ಇನ್ನೊಂದು ಮೂರು ಗಂಟೆಯ ಮೇಲೂ ನೀಲಿಯಾಗೇ ಇತ್ತು.

ಹಾಗಾದರೆ ಕ್ಯಾನು ತೊಳೆಯುವುದು ಹೇಗೆ? ಡೇರಿಯಿಂದ ಬಂದ ಕೂಡಲೇ, ಹಾಲು ಒಣಗುವ ಮುಂಚೆ, ತಣ್ಣೀರಲ್ಲಿ ಜಾಲಿಸಿ. ಇದನ್ನು ನೀವು ಸರಿಯಾಗೇ ಮಾಡುತ್ತಿದ್ದೀರಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಪ್ರೋಟೀನ್ ಬೆಂದು ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೈ ತಡೆಯುವಷ್ಟು ಬಿಸಿನೀರಿಗೆ ಡೇರಿಯಲ್ಲಿ ಸಿಗುವ ತೊಳೆಯುವ ಪುಡಿ ಅಥವಾ ಒಗೆಯುವ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿ. ಕತ್ತಿನ ಒಳಗೆ, ತಳದ ಮೂಲೆಗೆ ಬ್ರಷ್ ಹೋಗಲಿ. ರಬ್ಬರ್ ಬಿಚ್ಚಿ ಬೇರೆ ತೊಳೆಯಿರಿ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಬಿರುಕಿನೊಳಗೆ ಯಾವ ಬ್ರಷ್ಷೂ ಹೋಗುವುದಿಲ್ಲ. ಸೋಡಾ ಪೂರ್ತಿ ಹೋಗುವ ತನಕ ಒಳ್ಳೆಯ ನೀರಲ್ಲಿ ಜಾಲಿಸಿ. ಕೊನೆಗೆ ಒಂದು ಲೀಟರ್ ಕುದಿಯುವ ನೀರು ಹಾಕಿ, ಬಟ್ಟೆ ಹಿಡಿದು ಹುಷಾರಾಗಿ ಎರಡು ಮೂರು ನಿಮಿಷ ಎಲ್ಲ ಕಡೆ ಆಡಿಸಿ, ಚೆಲ್ಲಿ. ಮುಚ್ಚಳ ಹಾಕಬೇಡಿ. ಕ್ಯಾನನ್ನು ಕಟ್ಟೆಯ ಮೇಲೆ ಎರಡು ಕೋಲಿಟ್ಟು ಬಿಸಿಲಲ್ಲಿ ಬೋರಲು ಹಾಕಿ. ಗಾಳಿ ಒಳಗೆ ಹೋಗಬೇಕು. ನಿಮಗೆ ತೊಂದರೆ ಕೊಡುತ್ತಿರುವ ಅದೇ ಬಿಸಿಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಪೂರ್ತಿ ಒಣಗಿದ ಕ್ಯಾನಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲಾರವು. ಸೋಸುವ ಬಟ್ಟೆಗೂ ಇದೇ, ದಿನಾ ಕುದಿಸಿ ಒಣಗಿಸಿ.

ಇಷ್ಟು ಮಾಡಿದ ಮೇಲೆ ಸಮಯ. ನಾಲ್ಕಕ್ಕೆ ಕರೆಯಲೇಬೇಕಾ? ಬೆಳಿಗ್ಗೆ 5:30ಕ್ಕೆ ಕರೆಯುವ ಹಸುವಿಗೆ ಸಂಜೆ 5:30 ಇನ್ನೂ ಒಳ್ಳೆಯದು, ಎರಡು ಹೊತ್ತಿನ ನಡುವೆ ಸಮ ಅಂತರ ಸಿಗುತ್ತದೆ. ದಿನಕ್ಕೆ ಹದಿನೈದು ನಿಮಿಷದಂತೆ ಮುಂದೆ ಸರಿಸಿ, ಒಂದು ವಾರದಲ್ಲಿ ಹೊಂದಿಕೊಳ್ಳುತ್ತದೆ.

ಹೊಲದ ಕೆಲಸದಿಂದಾಗಿ ನಾಲ್ಕಕ್ಕೇ ಕರೆಯಬೇಕಾದರೆ ಹಾಲನ್ನು ಆರಿಸಬೇಕು. ಗಾಳಿಯಿಂದ ಆಗದು, ನೀರಿನಿಂದ ಆಗುತ್ತದೆ. ಆದರೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಬೇಡ. ಸಂಜೆ ನಾಲ್ಕಕ್ಕೆ ಅದು ಹಾಲಿಗಿಂತ ಬಿಸಿ ಇರಬಹುದು. ನೆರಳಿನ ತೊಟ್ಟಿಯ ನೀರೋ ಆಗತಾನೇ ಎತ್ತಿದ ಬೋರ್ ನೀರೋ ತಗೊಳ್ಳಿ. ನೀರು 26 ಡಿಗ್ರಿ ಇದೆ ಅನ್ನಿ. 37 ಡಿಗ್ರಿಯ ಎಂಟು ಲೀಟರ್ ಹಾಲಿನ ಕ್ಯಾನನ್ನು 30 ಲೀಟರ್ ನೀರಿನ ದೊಡ್ಡ ಟಬ್‌ನಲ್ಲಿ ಇಟ್ಟರೆ ಹಾಲು 28ರ ಹತ್ತಿರ ಬರುತ್ತದೆ. ಒಂದು ಸಾರಿ ನೀರು ಬದಲಾಯಿಸಿದರೆ 27ಕ್ಕಿಂತ ಕೆಳಗೆ ಇಳಿಸಬಹುದು. ಹೊರಗಿನ ನೀರಿನ ಮಟ್ಟ ಒಳಗಿನ ಹಾಲಿನ ಮಟ್ಟಕ್ಕಿಂತ ಮೇಲಿರಲಿ. ಚೊಕ್ಕ ಸೌಟಿನಿಂದ ಆಗಾಗ ನಿಧಾನಕ್ಕೆ ಕದಡಿ, ಇಲ್ಲದಿದ್ದರೆ ನಡುವಿನ ಹಾಲು ಬಿಸಿಯಾಗೇ ಉಳಿಯುತ್ತದೆ. ಅಷ್ಟು ಇಳಿದರೆ ಇಮ್ಮಡಿ ಆಗಲು ಅರ್ಧ ಗಂಟೆಯ ಬದಲು ಮುಕ್ಕಾಲು, ಒಂದು ಗಂಟೆ ಬೇಕಾಗುತ್ತದೆ. ಡೇರಿಗೆ ಒಯ್ಯುವಾಗ ಕ್ಯಾನಿಗೆ ಒದ್ದೆ ಗೋಣಿ ಸುತ್ತಿ. ನಿಮ್ಮ ಕಡೆಯ ಒಣ ಗಾಳಿಗೆ ಅದು ಚೆನ್ನಾಗಿ ತಂಪು ಕೊಡುತ್ತದೆ. ಕರಾವಳಿಯ ಸೆಕೆಯಲ್ಲಾದರೆ ಅದರಿಂದ ಅಷ್ಟು ಪ್ರಯೋಜನವಿಲ್ಲ, ಅಲ್ಲಿ ಗಾಳಿಯೇ ಒದ್ದೆ.

ಹಾಲಿನೊಳಕ್ಕೆ ಐಸ್ ಹಾಕಬೇಡಿ. ಕರಗಿದರೆ ಅದು ನೀರೇ, ಎಸ್‌ಎನ್‌ಎಫ್, ಅಂದರೆ ಫ್ಯಾಟ್ ಬಿಟ್ಟು ಹಾಲಲ್ಲಿರುವ ಗಟ್ಟಿ ಅಂಶ, ಬೀಳುತ್ತದೆ. ಚಿಟಿಕೆ ಸೋಡಾ ಹಾಕಿದರೆ ಒಡೆಯಲ್ಲ ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಕೇಳಬೇಡಿ. ಸೋಡಾ ಹುಳಿಯನ್ನು ಅಡಗಿಸುತ್ತದೆ, ಬ್ಯಾಕ್ಟೀರಿಯಾ ಹಾಗೇ ಬೆಳೆಯುತ್ತವೆ. ಆ ಹಾಲನ್ನು ಯಾವುದೋ ಮನೆಯ ಮಗು ಕುಡಿಯುತ್ತದೆ. ರೋಸಾಲಿಕ್ ಆಸಿಡ್ ಹಾಕಿದರೆ ಸೋಡಾ ಬೆರೆತ ಹಾಲು ಗುಲಾಬಿ ಕೆಂಪಾಗುತ್ತದೆ, ಸಿಕ್ಕಿಬೀಳುತ್ತೀರಿ. ಕಾಯಿಸಿ ತಂದು ಹಾಕುವುದೂ ಬೇಡ. ಕೆನೆ ಬೇರೆಯಾಗಿ ಫ್ಯಾಟ್ ಸರಿಯಾಗಿ ಬರುವುದಿಲ್ಲ, ಡೇರಿಗೆ ಬೇಕಿರುವುದು ಹಸಿ ಹಾಲು. ವಾಪಸ್ ಬಂದ ಹಾಲನ್ನು ಬೆಳಗಿನ ಹಾಲಿಗೆ ಸೇರಿಸಿದರೆ ಅದೂ ಹೋಗುತ್ತದೆ.

ಇವತ್ತೇ ಒಂದು ಕೆಲಸ ಮಾಡಿ ಅಕ್ಕ. ಈ ಉತ್ತರ ಓದಿದ ಮೇಲೆ ಮಧ್ಯಾಹ್ನ ಮೂರಕ್ಕೆ ಕ್ಯಾನಿನ ಮುಚ್ಚಳ ತೆಗೆದು ವಾಸನೆ ನೋಡಿ, ರಬ್ಬರ್ ಬಿಚ್ಚಿ ಕೆಳಗೆ ಬೆರಳಾಡಿಸಿ. ಆಮೇಲೆ ಮೇಲೆ ಹೇಳಿದ ಹಾಗೆ ಕ್ಯಾನು ತೊಳೆದು ಒಣಗಿಸಿ, ನಾಲ್ಕು ಸಂಜೆ ಎರಡೆರಡು ಬಟ್ಟಲು ಹಾಲು ಕುದಿಸಿ, ಏನು ಕಂಡಿತು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ಆಗಲೂ ಒಡೆದರೆ ಆ ಕ್ಯಾಲೆಂಡರ್ ಹಾಳೆ ಕಳಿಸಿ, ನಾನೇ ಬಂದು ನೋಡುತ್ತೇನೆ.